ಆ ಮಾತ್ರೆ ತಗೊಂಡ ಮೇಲೆ ಕಣ್ಣು ಮಸುಕಾದರೆ, ಕಿವಿ ಕಟ್ಟಿಕೊಂಡರೆ

ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತವರಿಗೆ ಈ ಗಿರಾಕಿ ಗುರುತು ಸಿಗುತ್ತಾನೆ. ಬೇರೆಯವರೆಲ್ಲ ಹೋಗಲಿ ಎಂದು ಬದಿಗೆ ನಿಂತಿರುತ್ತಾನೆ. ಅಂಗಡಿ ಖಾಲಿಯಾದ ಮೇಲೆ ದನಿ ತಗ್ಗಿಸಿ ಹೆಸರು ಹೇಳುತ್ತಾನೆ, ಇಲ್ಲವೇ ಮೊಬೈಲಿನಲ್ಲಿ ತೋರಿಸುತ್ತಾನೆ. ಸ್ಟ್ರಿಪ್ಪಿನಿಂದ ಎರಡು ಮಾತ್ರೆ ಕತ್ತರಿಸಿ ಕೊಟ್ಟರೆ ಜೇಬಿಗೆ ಹಾಕಿಕೊಂಡು ಹೊರಡುತ್ತಾನೆ. ನಿಮಿರುವಿಕೆಯ ಮಾತ್ರೆ ನಮ್ಮಲ್ಲಿ ಬಹಳ ಸಲ ಹೀಗೇ ಕೈ ಬದಲಾಯಿಸುತ್ತದೆ. ವೈದ್ಯರ ಚೀಟಿ ಇಲ್ಲದೆ ಕೊಡಬಾರದ ಔಷಧಿ ಅದು. ಜೊತೆಗೆ ಬರಬೇಕಾದ ಎಚ್ಚರಿಕೆಯ ಕಾಗದವೂ ಬರುವುದಿಲ್ಲ.

ಆ ಕಾಗದದಲ್ಲಿರುವ ಎರಡು ಎಚ್ಚರಿಕೆಗಳ ಬಗ್ಗೆ ಈ ಲೇಖನ: ಒಂದು ಕಣ್ಣಿನ ದೃಷ್ಟಿ ಹಠಾತ್ತನೆ ಹೋಗುವುದು, ಒಂದು ಕಿವಿ ಹಠಾತ್ತನೆ ಕೇಳಿಸದಾಗುವುದು. ಎರಡೂ ಬಲು ಅಪರೂಪ. ಆದರೆ ಬಂದಾಗ ಮೊದಲ ದಿನ ಏನು ಮಾಡುತ್ತೀರಿ ಎಂಬುದು ಮುಖ್ಯ, ಅದರಲ್ಲೂ ಕಿವಿಯ ವಿಷಯದಲ್ಲಿ.

ಮೊದಲು, ನುಂಗಿದ್ದು ಏನೆಂದು ಗೊತ್ತಿರಲಿ

ಕಂಪನಿ ಇಟ್ಟ ಹೆಸರು ಹತ್ತಾರು ಇರಬಹುದು, ಒಳಗಿನ ಔಷಧಿ ಮಾತ್ರ ಸಾಮಾನ್ಯವಾಗಿ ಎರಡರಲ್ಲಿ ಒಂದು: ಸಿಲ್ಡೆನಾಫಿಲ್ ಅಥವಾ ಟಡಾಲಫಿಲ್. ವಾರ್ಡೆನಾಫಿಲ್, ಅವನಾಫಿಲ್ ಕೂಡ ಇದೇ ಕುಟುಂಬದವು. ಎಲ್ಲವೂ ರಕ್ತನಾಳಗಳನ್ನು ಸಡಿಲಿಸಿ ಕೆಲಸ ಮಾಡುತ್ತವೆ. ಈ ಲೇಖನದ ಎಚ್ಚರಿಕೆ ಇಡೀ ಕುಟುಂಬಕ್ಕೆ ಅನ್ವಯಿಸುತ್ತದೆ.

ವ್ಯತ್ಯಾಸ ಇರುವುದು ಎಷ್ಟು ಹೊತ್ತು ದೇಹದಲ್ಲಿ ಉಳಿಯುತ್ತದೆ ಎಂಬುದರಲ್ಲಿ. ಸಿಲ್ಡೆನಾಫಿಲ್ ಸುಮಾರು 4 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ, ಹಾಗಾಗಿ ಒಂದು ದಿನದಲ್ಲಿ ಹೆಚ್ಚುಕಡಿಮೆ ಖಾಲಿ. ಟಡಾಲಫಿಲ್ ಅರ್ಧಕ್ಕೆ ಇಳಿಯಲು ಹದಿನೇಳೂವರೆ ಗಂಟೆ ಬೇಕು. ಪೂರ್ತಿ ಹೋಗಲು ಮೂರೂವರೆ ದಿನ ಹಿಡಿಯುತ್ತದೆ. ಶನಿವಾರ ರಾತ್ರಿ ನುಂಗಿದ್ದು ಸೋಮವಾರವೂ ರಕ್ತದಲ್ಲಿ ಇರುತ್ತದೆ. ಈ ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆದ್ದರಿಂದ ಕತ್ತರಿಸಿ ಕೊಟ್ಟ ಎರಡು ಮಾತ್ರೆ ತಗೊಂಡರೂ ಇಡೀ ಸ್ಟ್ರಿಪ್ಪಿನ ಹಿಂಬದಿಯ ಒಂದು ಫೋಟೋ ಅಂಗಡಿಯಲ್ಲೇ ತೆಗೆದುಕೊಳ್ಳಿ. ಔಷಧಿಯ ಹೆಸರು, ಎಷ್ಟು ಮಿಲಿಗ್ರಾಂ, ಬ್ಯಾಚ್ ನಂಬರು ಅದರಲ್ಲಿ ಬರಲಿ. ಕತ್ತರಿಸಿದ ತುಂಡಿನಲ್ಲಿ ಅರ್ಧ ಹೆಸರು ಉಳಿದಿರುತ್ತದೆ, ಅದನ್ನೂ ಬೆಳಿಗ್ಗೆ ಕಸಕ್ಕೆ ಹಾಕಿರುತ್ತೀರಿ.

‘ಶುದ್ಧ ಗಿಡಮೂಲಿಕೆ’ ಎಂದು ಮಾರುವ ಕ್ಯಾಪ್ಸೂಲ್ ನುಂಗಿದ್ದರೆ ಈ ಲೇಖನ ನನಗಲ್ಲ ಎಂದುಕೊಳ್ಳಬೇಡಿ. ಅಂಥ ಕ್ಯಾಪ್ಸೂಲುಗಳಲ್ಲಿ ಕಾಗದದ ಮೇಲೆ ಬರೆಯದ ಸಿಲ್ಡೆನಾಫಿಲ್ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಸಿಕ್ಕಿದೆ. ಅರ್ಧ ಗಂಟೆಯಲ್ಲಿ ಮುಖ ಕೆಂಪಾಗಿ ಮೂಗು ಕಟ್ಟಿದರೆ ಅಶ್ವಗಂಧದ ಮೇಲೆ ಹೊರಿಸುವ ಮೊದಲು ಯೋಚಿಸಿ.

ಹೆದರಬೇಕಾಗಿಲ್ಲದ ಕಣ್ಣಿನ ತೊಂದರೆ ಯಾವುದು

ಸಿಲ್ಡೆನಾಫಿಲ್ ತಗೊಂಡ ಕೆಲವರಿಗೆ, ವಿಶೇಷವಾಗಿ 100 ಮಿಲಿಗ್ರಾಂ ತಗೊಂಡಾಗ, ಎಲ್ಲಕ್ಕೂ ತೆಳುವಾಗಿ ನೀಲಿ ಬಳಿದಂತೆ ಕಾಣುತ್ತದೆ. ಟ್ಯೂಬ್‌ಲೈಟ್ ಕಣ್ಣಿಗೆ ಚುಚ್ಚುತ್ತದೆ. ಇದಕ್ಕೆ ಕಾರಣ ಸರಳ. ಮಾತ್ರೆ ತಡೆಯಬೇಕಾದ ಕಿಣ್ವದ ಹತ್ತಿರದ ನೆಂಟ ಕಣ್ಣಿನ ರೆಟಿನಾದಲ್ಲಿ ಇದೆ. ಮಾತ್ರೆ ಅದನ್ನೂ ಸ್ವಲ್ಪ ತಡೆಯುತ್ತದೆ. ಔಷಧಿ ಇಳಿಯುತ್ತಿದ್ದಂತೆ ಬಣ್ಣವೂ ಸರಿಹೋಗುತ್ತದೆ.

ಇದನ್ನು ಗುರುತಿಸಲು ಮೂರು ಲಕ್ಷಣ ಸಾಕು. ಎರಡೂ ಕಣ್ಣಿಗೆ ಒಂದೇ ಥರ ಇರುತ್ತದೆ. ಮಾತ್ರೆ ತಗೊಂಡ ಒಂದೆರಡು ಗಂಟೆಯಲ್ಲಿ ಶುರುವಾಗಿ ಕೆಲವು ಗಂಟೆಗಳಲ್ಲಿ ಹೋಗುತ್ತದೆ. ಬಣ್ಣ, ಬೆಳಕು ಬದಲಾಗುತ್ತದೆಯೇ ಹೊರತು ನೋಟದ ಯಾವ ಭಾಗವೂ ಕಾಣೆಯಾಗುವುದಿಲ್ಲ. ಈ ಮೂರರಲ್ಲಿ ಒಂದು ತಪ್ಪಿದರೂ ಅದನ್ನು ಮಾಮೂಲಿ ಎಂದು ಬಿಡಬೇಡಿ. ನೀಲಿ ಬಣ್ಣದ ತೊಂದರೆ ಹೋಗುವವರೆಗೆ ಗಾಡಿ ಓಡಿಸಬೇಡಿ, ಮುಂದಿನ ಸಲಕ್ಕೆ ಡೋಸ್ ಇಳಿಸುವ ಬಗ್ಗೆ ವೈದ್ಯರನ್ನು ಕೇಳಿ.

ನಿಜವಾದ ಅಪಾಯ ಹೇಗೆ ಶುರುವಾಗುತ್ತದೆ

ಒಂದು ಪ್ರಸಂಗ ಊಹಿಸಿಕೊಳ್ಳೋಣ. ದಾವಣಗೆರೆಯಲ್ಲಿ ನಿವೃತ್ತಿಯ ಹತ್ತಿರ ಬಂದ ಒಬ್ಬ ಮೇಷ್ಟ್ರು, ವಯಸ್ಸು 58. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ, ಬಿಪಿಗೂ ಮಾತ್ರೆ ಇದೆ. ಶನಿವಾರ ರಾತ್ರಿ ಹತ್ತಕ್ಕೆ ಟಡಾಲಫಿಲ್ 20 ಮಿಲಿಗ್ರಾಂ ತಗೊಂಡರು. ಭಾನುವಾರ ಏನೂ ತೊಂದರೆ ಇಲ್ಲ. ಸೋಮವಾರ ಬೆಳಿಗ್ಗೆ ಐದೂವರೆಗೆ ಎದ್ದು ಹಾಲು ತರಲು ಹೊರಟವರು ಮನೆ ಮುಂದಿನ ಕೊನೆಯ ಮೆಟ್ಟಿಲು ತಪ್ಪಿದರು.

“ರೀ, ಮೆಟ್ಟಿಲು ಕಾಣಲಿಲ್ವಾ?”

“ಕಣ್ಣಲ್ಲಿ ಪಿಸುರು ಇರಬೇಕು ಕಣೇ, ಮುಖ ತೊಳ್ಕೋತೀನಿ.”

ತೊಳೆದರೂ ಹೋಗಲಿಲ್ಲ. ನೋವಿಲ್ಲ, ಕೆಂಪಿಲ್ಲ, ನೀರು ಸುರಿಯುತ್ತಿಲ್ಲ. ಎದುರು ಮನೆಯ ಮಾಳಿಗೆ ಕಾಣುತ್ತಿದೆ, ಅದರ ಬಾಗಿಲ ಮುಂದಿನ ರಂಗೋಲಿ ಕಾಣುತ್ತಿಲ್ಲ. ಬಲಗಣ್ಣು ಮುಚ್ಚಿದರೆ ಎಲ್ಲ ಸರಿ, ಎಡಗಣ್ಣು ಮುಚ್ಚಿದರೆ ಕೆಳಗಿನ ಅರ್ಧಕ್ಕೆ ಬೂದು ಪರದೆ ಎಳೆದಂತೆ.

ಕಣ್ಣಿನ ನರ ಹೊರಡುವ ಜಾಗಕ್ಕೆ ರಕ್ತ ಸಾಲದೆ ಹೋದಾಗ ಹೀಗಾಗುತ್ತದೆ. ವೈದ್ಯರು ಇದನ್ನು ನಾಯಾನ್ ಎಂಬ ಚಿಕ್ಕ ಹೆಸರಿನಿಂದ ಕರೆಯುತ್ತಾರೆ. ಒಂದೇ ಕಣ್ಣು, ನೋವಿಲ್ಲದೆ, ಬಹಳ ಸಲ ನಿದ್ದೆಯಿಂದ ಎದ್ದಾಗಲೇ ಗೊತ್ತಾಗುವುದು, ನೋಟದ ಕೆಳ ಅರ್ಧ ಹೋಗುವುದು ಇದರ ಮಾದರಿ ಲಕ್ಷಣ. ಕೆಲವರ ಕಣ್ಣಿನಲ್ಲಿ ಹುಟ್ಟಿನಿಂದಲೇ ನರ ಹೊರಬೀಳುವ ಕಂಡಿ ಕಿರಿದು, ಎಳೆಗಳು ಅದರೊಳಗೆ ಒತ್ತಿಕೊಂಡಿರುತ್ತವೆ. ರಕ್ತದ ಒತ್ತಡ ಸ್ವಲ್ಪ ಇಳಿದರೂ ಅಂಥ ನರಕ್ಕೆ ಉಸಿರು ಕಟ್ಟಿದಂತಾಗಬಹುದು. ಐವತ್ತು ದಾಟಿದವರು, ಸಕ್ಕರೆ ಕಾಯಿಲೆ, ಬಿಪಿ, ಕೊಲೆಸ್ಟ್ರಾಲ್ ಇದ್ದವರು, ಸಿಗರೇಟು ಸೇದುವವರು ಈ ತೊಂದರೆಗೆ ಹೆಚ್ಚು ಸಿಕ್ಕುತ್ತಾರೆ.

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ಮಾತ್ರೆಯೇ ಇದಕ್ಕೆ ಕಾರಣ ಎಂದು ಯಾರೂ ಖಚಿತವಾಗಿ ಸಾಬೀತು ಮಾಡಿಲ್ಲ. ಮೇಲೆ ಹೇಳಿದ ಕಾಯಿಲೆಗಳೇ ನಿಮಿರುವಿಕೆಯನ್ನೂ ಕೆಡಿಸುತ್ತವೆ, ಹಾಗಾಗಿ ಎರಡೂ ಒಂದೇ ಮನುಷ್ಯನಲ್ಲಿ ಸೇರುವುದು ಸಹಜ. ಮಾತ್ರೆ ಮುಟ್ಟದವರಲ್ಲೂ, ಐವತ್ತು ದಾಟಿದ ಒಂದು ಲಕ್ಷ ಗಂಡಸರಲ್ಲಿ ವರ್ಷಕ್ಕೆ ಎರಡೂವರೆಯಿಂದ ಹನ್ನೆರಡು ಮಂದಿಗೆ ಇದು ಬರುತ್ತದೆ. ಮಾತ್ರೆ ದೇಹದಲ್ಲಿರುವ ದಿನಗಳಲ್ಲಿ ಈ ಸಾಧ್ಯತೆ ಸುಮಾರು ಎರಡು ಪಟ್ಟು ಎಂದು ಒಂದು ಅಧ್ಯಯನ ಕಂಡಿತು. ಎರಡು ಪಟ್ಟಾದರೂ ಅಪರೂಪ ಅಪರೂಪವೇ. ಆದರೂ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಈ ಎಚ್ಚರಿಕೆಯನ್ನು ಮಾತ್ರೆಯ ಕಾಗದದಲ್ಲಿ ಸೇರಿಸಿತು.

ನಮ್ಮ ಮೇಷ್ಟ್ರಿಗೆ ಶನಿವಾರದ ಮಾತ್ರೆ ನೆನಪಿಗೇ ಬರಲಿಲ್ಲ, ಅದು ಮೊನ್ನೆಯ ಮಾತು. ಲೆಕ್ಕ ಹಾಕಿ ನೋಡಿ: ಮೂವತ್ತೊಂದೂವರೆ ಗಂಟೆ ಆಗಿದ್ದರೂ ಅವರ ರಕ್ತದಲ್ಲಿ ಔಷಧಿ ಕಾಲು ಭಾಗಕ್ಕಿಂತ ಹೆಚ್ಚೇ ಉಳಿದಿತ್ತು.

ಮನೆಯಲ್ಲೇ ಎರಡು ನಿಮಿಷದ ಪರೀಕ್ಷೆ

ಗೋಡೆಯ ಕ್ಯಾಲೆಂಡರಿನ ಮುಂದೆ ಎರಡು ಮಾರು ದೂರದಲ್ಲಿ ನಿಲ್ಲಿ. ಕನ್ನಡಕ ಹಾಕುವವರಾದರೆ ಹಾಕಿಕೊಳ್ಳಿ. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ, ಒತ್ತಬೇಡಿ. ತಿಂಗಳ ನಡುವಿನ ಒಂದು ತಾರೀಖಿನ ಮೇಲೆ ದೃಷ್ಟಿ ನೆಟ್ಟು, ಕಣ್ಣು ಆಡಿಸದೆ, ಮೇಲಿನ ಚಿತ್ರ ಮತ್ತು ಕೆಳಗಿನ ಕೊನೆಯ ಸಾಲು ಎರಡೂ ಅಲ್ಲಿವೆ ಎಂದು ತಿಳಿಯುತ್ತದೆಯೇ ಗಮನಿಸಿ. ಆಮೇಲೆ ಇನ್ನೊಂದು ಕಣ್ಣು. ಎರಡೂ ಕಣ್ಣು ತೆರೆದು ನೋಡಿದರೆ ಒಳ್ಳೆಯ ಕಣ್ಣು ಕೆಟ್ಟದ್ದರ ಕೊರತೆ ಮುಚ್ಚಿಬಿಡುತ್ತದೆ. ಎಷ್ಟೋ ಜನಕ್ಕೆ ದಿನಗಟ್ಟಲೆ ಗೊತ್ತಾಗದೆ ಇರುವುದು ಅದಕ್ಕೇ.

ಒಂದು ಕಣ್ಣಿನಲ್ಲಿ ಯಾವುದೇ ಭಾಗ ಕಾಣೆಯಾಗಿದ್ದರೆ, ಮಸುಕಾಗಿದ್ದರೆ, ಅಥವಾ ಕೆಂಪು ಬಣ್ಣ ಆ ಕಣ್ಣಿಗೆ ಮಾತ್ರ ಸಪ್ಪೆಯಾಗಿ ಕಂಡರೆ ಪರೀಕ್ಷೆ ಅಲ್ಲಿಗೆ ಮುಗಿಯಿತು. ಮತ್ತೆ ಮತ್ತೆ ನೋಡುತ್ತಾ ಕೂರಬೇಡಿ. ಐದು ನಿಮಿಷದಲ್ಲಿ ತಾನಾಗಿ ಸರಿಹೋದರೂ ಆಸ್ಪತ್ರೆಗೆ ಹೋಗಬೇಕು.

ನಿಲ್ಲಿಸಿ, ಹೊರಡಿ

ನಿಲ್ಲಿಸುವುದು ಎಂದರೆ ಮುಂದಿನ ಮಾತ್ರೆ ಇಲ್ಲ. ಅರ್ಧ ಮಾತ್ರೆಯೂ ಇಲ್ಲ, ಬೇರೆ ಕಂಪನಿಯದೂ ಇಲ್ಲ, ಅದೇ ಕುಟುಂಬದ ಇನ್ನೊಂದು ಹೆಸರೂ ಇಲ್ಲ. ನಿಮಿರುವಿಕೆಗೆಂದು ತಗೊಳ್ಳುವ ಮಾತ್ರೆಯನ್ನು ಥಟ್ಟನೆ ಬಿಟ್ಟರೆ ಯಾವ ಕೆಡುಕೂ ಇಲ್ಲ, ಹಂತಹಂತವಾಗಿ ಬಿಡಬೇಕಿಲ್ಲ. ಈಗಾಗಲೇ ಒಳಗೆ ಹೋದದ್ದನ್ನು ತೆಗೆಯುವ ಮದ್ದು ಇಲ್ಲ. ವಾಂತಿ ಮಾಡುವುದು, ಮಜ್ಜಿಗೆ ಕುಡಿಯುವುದು ಯಾವುದೂ ಉಪಯೋಗವಿಲ್ಲ.

ಒಂದೇ ಒಂದು ಅಪವಾದ: ಶ್ವಾಸಕೋಶದ ರಕ್ತನಾಳದ ಒತ್ತಡಕ್ಕೆಂದು ಇದೇ ಔಷಧಿಯನ್ನು ದಿನಾ ತಗೊಳ್ಳುವವರಿದ್ದಾರೆ. ಅವರು ತಾವಾಗಿ ನಿಲ್ಲಿಸಿದರೆ ಉಸಿರಾಟಕ್ಕೆ ತೊಂದರೆಯಾಗಬಹುದು. ಅವರು ಸೀದಾ ಆಸ್ಪತ್ರೆಗೆ ಹೋಗಬೇಕು, ನಿಲ್ಲಿಸುವ ನಿರ್ಧಾರ ಅಲ್ಲಿ ಆಗಲಿ. ಪ್ರಾಸ್ಟೇಟ್ ತೊಂದರೆಗೆ ದಿನಾ 5 ಮಿಲಿಗ್ರಾಂ ಟಡಾಲಫಿಲ್ ತಗೊಳ್ಳುವವರು ಮುಂದಿನ ಮಾತ್ರೆ ತಗೊಳ್ಳದೆ ಅದೇ ದಿನ ವೈದ್ಯರಿಗೆ ತಿಳಿಸಬೇಕು.

ಆಸ್ಪತ್ರೆಗೆ ಅದೇ ದಿನ, ಅದೇ ಹೊತ್ತಿನಲ್ಲಿ ಹೋಗಿ. ನಾಯಾನ್‌ಗೆ ಪರಿಣಾಮ ಸಾಬೀತಾದ ಚಿಕಿತ್ಸೆ ಇಲ್ಲ ಎಂದು ಗೊತ್ತಿರುವವರು ಹಾಗಾದರೆ ಓಡುವುದೇಕೆ ಎಂದು ಕೇಳಬಹುದು. ಮನೆಯಲ್ಲಿ ಕೂತವರಿಗೆ ಅದು ನಾಯಾನ್ ಹೌದೋ ಅಲ್ಲವೋ ಗೊತ್ತಾಗುವುದಿಲ್ಲ, ಅದಕ್ಕೇ ಓಡಬೇಕು. ಇದೇ ಥರ ನೋವಿಲ್ಲದೆ ಕಣ್ಣು ಹೋಗುವ ಇನ್ನೊಂದು ಕಾಯಿಲೆಯಲ್ಲಿ ರೆಟಿನಾದ ರಕ್ತನಾಳ ಹೆಪ್ಪುಗಟ್ಟಿ ಮುಚ್ಚಿರುತ್ತದೆ, ಅದು ಲಕ್ವದ ಸೋದರ, ಅಲ್ಲಿ ಗಂಟೆಗಳ ಲೆಕ್ಕ. ಮತ್ತೊಂದರಲ್ಲಿ ಕಣತಲೆ ನೋವು, ಅಗಿಯುವಾಗ ದವಡೆ ನೋವು ಇರುತ್ತದೆ. ಅದಕ್ಕೆ ಕೂಡಲೇ ಸ್ಟೆರಾಯ್ಡ್ ಕೊಡದಿದ್ದರೆ ಎರಡನೆಯ ಕಣ್ಣೂ ಹೋಗಬಹುದು. ರೆಟಿನಾ ಕಿತ್ತು ಬಂದಿದ್ದರೆ ಶಸ್ತ್ರಚಿಕಿತ್ಸೆ ಬೇಕು. ಕನ್ನಡಕದ ಅಂಗಡಿಯಲ್ಲಿ ಇವನ್ನು ಬೇರ್ಪಡಿಸಲು ಆಗುವುದಿಲ್ಲ. ಮೇಷ್ಟ್ರಂಥವರು ‘ಪೊರೆ ಬಂದಿರಬೇಕು, ಭಾನುವಾರ ಕ್ಯಾಂಪ್ ಇದೆ’ ಎಂದುಕೊಳ್ಳುವುದು ದೊಡ್ಡ ತಪ್ಪು. ಪೊರೆ ತಿಂಗಳುಗಟ್ಟಲೆ ಬೆಳೆಯುತ್ತದೆ, ಒಂದು ರಾತ್ರಿಯಲ್ಲಿ ಬರುವುದಿಲ್ಲ.

ಜಿಲ್ಲಾಸ್ಪತ್ರೆಯ ಕಣ್ಣಿನ ವಿಭಾಗ ಅಥವಾ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಸಾಕು, ಬೆಂಗಳೂರಿನವರಿಗೆ ಮಿಂಟೋ ಇದೆ. ಕಣ್ಣಿನ ಜೊತೆ ಮಾತು ತೊದಲಿದರೆ, ಮುಖ ಓರೆಯಾದರೆ, ಕೈಕಾಲು ಸೋತರೆ ಕಣ್ಣಿನ ಆಸ್ಪತ್ರೆ ಹುಡುಕದೆ 108ಕ್ಕೆ ಕರೆ ಮಾಡಿ. ನೀವೇ ಗಾಡಿ ಓಡಿಸಬೇಡಿ. ಪಾಪೆ ಹಿಗ್ಗಿಸುವ ಹನಿ ಹಾಕುತ್ತಾರೆ, ಬರುವಾಗಲೂ ಗಾಡಿ ಓಡಿಸಲು ಆಗುವುದಿಲ್ಲ.

ಹೇಳಲು ನಾಚಿಕೆಯಾದರೆ ಚೀಟಿ ಬರೆಯಿರಿ

ನನ್ನ ಅನಿಸಿಕೆಯಲ್ಲಿ ಇಡೀ ಕೆಲಸದಲ್ಲಿ ಕಷ್ಟದ್ದು ಇದು. ಜೊತೆಗೆ ಮಗ ಬಂದಿರುತ್ತಾನೆ ಅಥವಾ ಸೊಸೆ ಬಂದಿರುತ್ತಾಳೆ. “ಏನಾದ್ರೂ ಮಾತ್ರೆ ತಗೋತೀರಾ?” ಎಂದು ಡಾಕ್ಟರ್ ಕೇಳಿದರೆ “ಬಿಪಿ, ಶುಗರ್ ಅಷ್ಟೇ” ಎಂದು ಮಾತು ಮುಗಿಯುತ್ತದೆ. ಹೊರಡುವ ಮೊದಲೇ ಒಂದು ಕಾಗದದಲ್ಲಿ ನಾಲ್ಕು ಸಾಲು ಬರೆದು ಓಪಿಡಿ ಚೀಟಿಯ ಜೊತೆ ವೈದ್ಯರ ಕೈಗೇ ಕೊಡಿ. ಮೇಷ್ಟ್ರ ಚೀಟಿ ಹೀಗಿರಬೇಕಿತ್ತು:

“ಟಡಾಲಫಿಲ್ 20 ಮಿ.ಗ್ರಾಂ., ಶನಿವಾರ ರಾತ್ರಿ 10 ಗಂಟೆಗೆ, ಒಂದು ಮಾತ್ರೆ. ಬಲಗಣ್ಣಿನ ಕೆಳಭಾಗ ಕಾಣದಿರುವುದು ಗೊತ್ತಾದದ್ದು ಸೋಮವಾರ ಬೆಳಿಗ್ಗೆ 5:30, ಭಾನುವಾರ ರಾತ್ರಿ ಸರಿಯಿತ್ತು. ನೋವಿಲ್ಲ, ತಲೆನೋವಿಲ್ಲ. ಬಿಪಿ, ಶುಗರ್ ಮಾತ್ರೆಗಳ ಪಟ್ಟಿ ಹಿಂದೆ ಇದೆ.”

ಅಲ್ಲಿ ಪಾಪೆಯ ಮೇಲೆ ಬೆಳಕು ಬಿಟ್ಟು ನೋಡುತ್ತಾರೆ, ಕಣ್ಣಿನ ಹಿಂಭಾಗದ ನರ ಊದಿದೆಯೇ ಎಂದು ಪರೀಕ್ಷಿಸುತ್ತಾರೆ, ನೋಟದ ವ್ಯಾಪ್ತಿಯ ನಕ್ಷೆ ತೆಗೆಯುತ್ತಾರೆ. ರಕ್ತದ ಒತ್ತಡ, ಸಕ್ಕರೆ, ಇಎಸ್‌ಆರ್ ಅಳೆಯುತ್ತಾರೆ. ಒಂದು ವಿಷಯ ನೀವಾಗಿ ಕೇಳಿ: ರಾತ್ರಿ ಮಲಗುವಾಗ ಬಿಪಿ ಮಾತ್ರೆ ತಗೊಳ್ಳುವವರಾದರೆ ಆ ಹೊತ್ತು ಬದಲಿಸಬೇಕೇ ಎಂದು. ನಿದ್ದೆಯಲ್ಲಿ ಒತ್ತಡ ತೀರಾ ಇಳಿಯುವುದೂ ಈ ನರಕ್ಕೆ ಒಳ್ಳೆಯದಲ್ಲ ಎಂದು ಹಲವು ವೈದ್ಯರು ಭಾವಿಸುತ್ತಾರೆ. ಆದರೆ ಬಿಪಿ ಮಾತ್ರೆಯನ್ನು ನೀವಾಗಿ ಬಿಡಬೇಡಿ.

ನಾಯಾನ್ ಎಂದೇ ಆದರೆ ಕೆಲವರಿಗೆ ತಿಂಗಳುಗಳಲ್ಲಿ ನೋಟ ಸ್ವಲ್ಪ ಮರಳುತ್ತದೆ, ಹಲವರಿಗೆ ಹಾಗೇ ಉಳಿಯುತ್ತದೆ. ಐದು ವರ್ಷದೊಳಗೆ ಇನ್ನೊಂದು ಕಣ್ಣಿಗೂ ಬರುವ ಸಾಧ್ಯತೆ ನೂರಕ್ಕೆ ಹದಿನೈದರಷ್ಟಿದೆ. ಈ ಮಾತ್ರೆಯ ಕುಟುಂಬವನ್ನು ಮತ್ತೆ ಮುಟ್ಟಬಾರದು ಎನ್ನುವುದು ಇದಕ್ಕಾಗಿ. ಮೊದಲೇ ಒಂದು ಕಣ್ಣಿಗೆ ಹೀಗಾಗಿದ್ದವರು, ರೆಟಿನೈಟಿಸ್ ಪಿಗ್ಮೆಂಟೋಸ ಎಂಬ ಮನೆತನದ ಕಣ್ಣಿನ ಕಾಯಿಲೆ ಇದ್ದವರು ಕಣ್ಣಿನ ವೈದ್ಯರನ್ನು ಕೇಳದೆ ಮೊದಲ ಮಾತ್ರೆಯನ್ನೂ ತಗೊಳ್ಳಬಾರದು.

ಕಿವಿಯ ವಿಷಯ

ಕಿವಿಯ ಎಚ್ಚರಿಕೆ ಬಂದದ್ದು 2007ರ ಅಕ್ಟೋಬರಿನಲ್ಲಿ. ಒಬ್ಬ ರೋಗಿಯ ಬಗ್ಗೆ ಬಂದ ವರದಿ ಓದಿ ಎಫ್‌ಡಿಎ ತನ್ನ ಕಡತ ತಿರುವಿದಾಗ ಇಂಥ 29 ಪ್ರಕರಣ ಸಿಕ್ಕವು. ಅವುಗಳಲ್ಲಿ ಮೂರನೇ ಒಂದು ಭಾಗದಷ್ಟು ಜನರಿಗೆ ಕಿವುಡು ತಾತ್ಕಾಲಿಕವಾಗಿತ್ತು. ಇಲ್ಲಿಯೂ ಕಾರಣ ಮಾತ್ರೆಯೇ ಎಂದು ತೀರ್ಮಾನವಾಗಿಲ್ಲ.

ಕಣ್ಣಿಗಿಂತ ಕಿವಿಯಲ್ಲಿ ಮೋಸಹೋಗುವುದು ಸುಲಭ. ಈ ಮಾತ್ರೆ ಮೂಗು ಕಟ್ಟಿಸುತ್ತದೆ, ಅದು ಮಾಮೂಲಿ. ಮೂಗು ಕಟ್ಟಿದ್ದಕ್ಕೇ ಕಿವಿಯೂ ಕಟ್ಟಿದೆ ಎಂದು ಜನ ಸುಮ್ಮನಾಗುತ್ತಾರೆ, ಕೊಬ್ಬರಿ ಎಣ್ಣೆ ಬಿಸಿಮಾಡಿ ಬಿಡುತ್ತಾರೆ. ಎರಡನ್ನೂ ಬೇರೆ ಮಾಡಲು ಹೀಗೆ ನೋಡಿ. ಫೋನ್ ಹಚ್ಚಿ ಒಂದೊಂದೇ ಕಿವಿಗೆ ಹಿಡಿಯಿರಿ. ಒಂದರಲ್ಲಿ ಮಾತು ಕೇಳುತ್ತಿಲ್ಲ ಅಥವಾ ಡಬ್ಬದೊಳಗಿನಿಂದ ಬಂದಂತಿದ್ದರೆ, ಬಾಯಿ ಮುಚ್ಚಿ ‘ಮ್ಮ್‌ಮ್’ ಎಂದು ಗುನುಗಿ. ಗುನುಗು ಕಟ್ಟಿಕೊಂಡ ಕಿವಿಯಲ್ಲೇ ಜೋರಾಗಿ ಕೇಳಿದರೆ ಗುಗ್ಗೆಯೋ ನೆಗಡಿಯೋ ಇರುವ ಸಂಭವ ಹೆಚ್ಚು. ಒಳ್ಳೆಯ ಕಿವಿಯ ಕಡೆ ಸರಿದರೆ ಒಳಗಿವಿಯ ನರಕ್ಕೆ ಪೆಟ್ಟು ಬಿದ್ದಿರಬಹುದು. ಕಿವಿಯಲ್ಲಿ ಹೊಸದಾಗಿ ಗುಂಯ್‌ಗುಡುವುದು, ತಲೆ ಗಿರ್ರನೆ ತಿರುಗುವುದು ಜೊತೆಗಿದ್ದರೆ ಆ ಸಂಶಯ ಇನ್ನೂ ಗಟ್ಟಿ.

ಗುನುಗಿನ ಪರೀಕ್ಷೆ ಧೈರ್ಯ ಹೇಳಿದರೂ ಅದನ್ನು ನಂಬಿ ಮನೆಯಲ್ಲಿ ಉಳಿಯಬೇಡಿ. ಅದೇ ದಿನ ಇಎನ್‌ಟಿ ವೈದ್ಯರ ಬಳಿ ಹೋಗಿ, ಗುಗ್ಗೆ ಇಲ್ಲವಾದರೆ ಕಿವಿ ಎಷ್ಟು ಕೇಳುತ್ತದೆ ಎಂದು ಅಳೆಯುವ ಆಡಿಯೋಗ್ರಾಂ ಮಾಡಿಸಿ ಎಂದು ಕೇಳಿ. ಮೈಸೂರಿನವರಿಗೆ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕಿವಿಗೆ ಚಿಕಿತ್ಸೆಯ ದಾರಿ ಇದೆ: ಸ್ಟೆರಾಯ್ಡ್, ಮಾತ್ರೆಯಾಗಿ ಅಥವಾ ಕಿವಿತಮಟೆಯ ಮೂಲಕ ಸೂಜಿಯಾಗಿ. ಅದು ಮೊದಲ ಎರಡು ವಾರದೊಳಗೆ ಶುರುವಾಗಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ‘ಅಲರ್ಜಿ ಇರಬೇಕು’ ಎಂದು ನೆಗಡಿ ಮಾತ್ರೆ ನುಂಗುತ್ತಾ ಕಳೆಯುವುದು ಇದೇ ಎರಡು ವಾರ. ಸ್ಟೆರಾಯ್ಡ್ ಮಾತ್ರೆ ರಕ್ತದ ಸಕ್ಕರೆಯನ್ನು ಏರಿಸುತ್ತದೆ, ಸಕ್ಕರೆ ಕಾಯಿಲೆ ಇದ್ದವರು ಅದನ್ನು ಮೊದಲೇ ಹೇಳಬೇಕು.

ಇನ್ನೆರಡು ಸಂದರ್ಭ, ಚಿಕ್ಕದಾಗಿ

ನಿಮಿರುವಿಕೆ 4 ಗಂಟೆ ದಾಟಿಯೂ ಇಳಿಯದಿದ್ದರೆ, ನೋವಿದ್ದರೂ ಇಲ್ಲದಿದ್ದರೂ, ತುರ್ತು ವಿಭಾಗಕ್ಕೆ ಹೋಗಿ. ಬೆಳಗಾಗಲಿ ಎಂದು ಕಾದರೆ ಒಳಗಿನ ಅಂಗಾಂಶ ಶಾಶ್ವತವಾಗಿ ಹಾಳಾಗುತ್ತದೆ.

ಎದೆನೋವು ಬಂದರೆ ಮನೆಯಲ್ಲಿ ಅಪ್ಪನಿಗೋ ಅಣ್ಣನಿಗೋ ತಂದಿಟ್ಟ ನಾಲಿಗೆ ಕೆಳಗಿಡುವ ಮಾತ್ರೆಯನ್ನು ಇಡಬೇಡಿ. ನೈಟ್ರೇಟ್ ಎಂಬ ಆ ಔಷಧಿಯೂ ಇದೂ ಸೇರಿದರೆ ಬಿಪಿ ಪಾತಾಳಕ್ಕೆ ಇಳಿದು ಜೀವಕ್ಕೇ ಕುತ್ತು. 108ಕ್ಕೆ ಕರೆ ಮಾಡಿ, ಬಂದವರಿಗೆ ಮೊದಲ ಮಾತಾಗಿ ಯಾವ ಮಾತ್ರೆ, ಎಷ್ಟು ಹೊತ್ತಿಗೆ ಎಂದು ಹೇಳಿ. ಸಿಲ್ಡೆನಾಫಿಲ್ ಆದ ಮೇಲೆ ಕನಿಷ್ಠ 24 ಗಂಟೆ, ಟಡಾಲಫಿಲ್ ಆದ ಮೇಲೆ 48 ಗಂಟೆ ನೈಟ್ರೇಟ್ ಕೊಡುವಂತಿಲ್ಲ. ದಿನಾ ನೈಟ್ರೇಟ್ ತಗೊಳ್ಳುವ ಹೃದ್ರೋಗಿಗಳಿಗೆ ಈ ಕುಟುಂಬದ ಮಾತ್ರೆ ಯಾವತ್ತೂ ಇಲ್ಲ.

ಆಮೇಲೆ ಮಾಡಬೇಕಾದ್ದು

ನಿಮ್ಮ ಎಲ್ಲ ವೈದ್ಯರ ಚೀಟಿಯ ತಲೆಯ ಮೇಲೆ, ಅಲರ್ಜಿ ಬರೆಯುವ ಜಾಗದಲ್ಲಿ, ಔಷಧಿಯ ಹೆಸರು ಮತ್ತು ಆದದ್ದನ್ನು ಬರೆಸಿ. ನಾಳೆ ಪ್ರಾಸ್ಟೇಟ್‌ಗೆಂದು ಬೇರೆ ವೈದ್ಯರು ಟಡಾಲಫಿಲ್ ಬರೆದರೆ ಆ ಸಾಲು ನಿಮ್ಮನ್ನು ಕಾಪಾಡುತ್ತದೆ. ನಿಮಿರುವಿಕೆಗೆ ಈ ಕುಟುಂಬದ ಹೊರಗೂ ದಾರಿಗಳಿವೆ, ನಿರ್ವಾತ ಪಂಪ್, ಚುಚ್ಚುಮದ್ದು ಇತ್ಯಾದಿ. ಅದನ್ನು ಯುರಾಲಜಿ ವೈದ್ಯರ ಜೊತೆ ಮಾತಾಡಿ.

ಔಷಧಿಯ ಅಡ್ಡಪರಿಣಾಮವನ್ನು ರೋಗಿಯೇ ಸರ್ಕಾರಕ್ಕೆ ತಿಳಿಸಬಹುದು. ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ನಡೆಸುವ ಉಚಿತ ಸಹಾಯವಾಣಿ 1800-180-3024, ಕೆಲಸದ ದಿನಗಳಲ್ಲಿ ಹಗಲು ಹೊತ್ತು. ಅವರು ಕೇಳುವುದು ಔಷಧಿಯ ಹೆಸರು, ಡೋಸ್, ತಗೊಂಡ ದಿನ, ತೊಂದರೆ ಶುರುವಾದ ದಿನ, ಬ್ಯಾಚ್ ನಂಬರು. ಅಂಗಡಿಯಲ್ಲಿ ತೆಗೆದ ಆ ಫೋಟೋ ಇಲ್ಲಿ ಕೆಲಸಕ್ಕೆ ಬರುತ್ತದೆ.